ಭಿಡೆಯ ಬುತ್ತಿ

ನಮ್ಮ ಮುಂಡಗೋಡ, ಹಳಿಯಾಳದ ಕಡೆಯ ಮಾತಿನಲ್ಲಿ ‘ಭಿಡೆ’ ಎಂದೊಂದು ಶಬ್ದವುಂಟು. ಮರಾಠಿಯಿಂದ ಬಂದದ್ದು. ಮೈಸೂರು ಸೀಮೆಯವರು ಹೆಚ್ಚುಕಡಿಮೆ ಇದೇ ಅರ್ಥದಲ್ಲಿ ‘ಮುಲಾಜು’ ಎನ್ನುತ್ತಾರೆ. ಅದು ಉರ್ದುವಿನ ಮೂಲಕ ಬಂದದ್ದು. ಬರೆಹದ ಕನ್ನಡಕ್ಕೆ ಸಂಸ್ಕೃತದ ‘ದಾಕ್ಷಿಣ್ಯ’ ಇದ್ದೇ ಇದೆ. ಒಂದೇ ಮನೋಧರ್ಮಕ್ಕೆ ಮೂರು ದಿಕ್ಕುಗಳಿಂದ ಮೂರು ಶಬ್ದಗಳನ್ನು ಎರವು ತಂದುಕೊಂಡ ಜನ ನಾವು. ಅದಿಲ್ಲದೆ ನಮ್ಮ ದಿನ ಸಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ‘ಹಂಗು’ ಎಂಬ ಅಚ್ಚಗನ್ನಡ ಮಾತಿದೆಯಲ್ಲ ಎಂದು ವಾಚಕರು ಕೇಳಬಹುದು. ಆದರೆ ಹಂಗಿಗೆ ಒಂದು ಉಪಕಾರ ಹಿಂದೆ ಇರಬೇಕು. ಭಿಡೆಗೆ ಯಾವ ಉಪಕಾರವೂ ಬೇಡ. ಎದುರಿಗೆ ಒಬ್ಬ ಮನುಷ್ಯ ನಿಂತು ‘ಬರ್ತೀರಲ್ಲ?’ ಎಂದರೆ ಸಾಕು. ‘ಇಲ್ಲ’ ಎಂಬ ಎರಡಕ್ಷರ ಗಂಟಲಲ್ಲೇ ಉಳಿದುಬಿಡುತ್ತದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲವೆಂದು ಗಾದೆ ಮಾಡಿದವರು ಈ ಸಂಕಟದ ತುದಿಯನ್ನು ಕಂಡವರೇ ಇರಬೇಕು.

ಈ ಶಬ್ದ ಮತ್ತೆ ನನ್ನ ತಲೆಯನ್ನು ಹೊಕ್ಕದ್ದು 2023ರ ದೀಪಾವಳಿಯ ಹೊತ್ತಿಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮುಂಡಗೋಡ ತಾಲೂಕಿನ ಚಿಗಳ್ಳಿಯವನು. ದೀಪನಾಥೇಶ್ವರನ ಗುಡಿಯಿಂದಾಗಿ ಆ ಊರಿನ ಹೆಸರು ದೂರದವರ ಕಿವಿಗೂ ಬಿದ್ದಿದೆ. ಹುಡುಗನ ತಂದೆಗೆ ಅಲ್ಲಿ ನಾಲ್ಕೆಕರೆ ಭತ್ತದ ಗದ್ದೆ. ಇವನು ಬೆಂಗಳೂರಿನ ಒಂದು ಗಣಕಯಂತ್ರದ ಕಚೇರಿಯಲ್ಲಿ ಐದು ವರ್ಷಗಳಿಂದ ಕೆಲಸದಲ್ಲಿದ್ದಾನೆ. ಚಹ ಕುಡಿಯುತ್ತ ಅವನು, ‘ಸರ್, ಈ ಸಲ ಶೀಗಿ ಹುಣ್ಣಿಮಿಗೆ ನಾ ದಾಂಡೇಲಿಗೆ ಬಂದಿದ್ದೆರಿ, ಊರಿಗೆ ಹೋಗಲಿಲ್ಲ’ ಎಂದ. ಹೇಳಿ ನಕ್ಕ. ಆ ನಗು ಸರಿಯಾಗಿ ಕೂಡಿಬರಲಿಲ್ಲ. ಏನೆಂದು ಕೇಳಿದೆ. ಅವನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕಚೇರಿಯ ಭಾಷೆಯಲ್ಲಿ ಅದಕ್ಕೆ ‘ಟೀಂ ಔಟಿಂಗ್’ ಎಂದು ಹೆಸರು. ಒಟ್ಟಿಗೆ ದುಡಿಯುವ ಹತ್ತು ಹದಿನೈದು ಜನ ಊರು ಬಿಟ್ಟು ಹೋಗಿ ಒಂದೆರಡು ದಿನ ಕಾಡಿನಲ್ಲೋ ಹೊಳೆಯ ದಂಡೆಯಲ್ಲೋ ಕಳೆದು, ಅನ್ಯೋನ್ಯತೆ ಬೆಳೆಸಿಕೊಂಡು ಮರಳುವುದು. ಮೊದಲು ವಾಟ್ಸಾಪ್ ಗುಂಪಿನಲ್ಲಿ ತಂಡದ ಮುಖ್ಯಸ್ಥರ ಒಂದು ಸಾಲು ಬಂತು: ಎಲ್ಲರೂ ಬರಲೇಬೇಕು, ನೆಪ ಹೇಳುವಂತಿಲ್ಲ. ಕೊನೆಗೆ ನಗುವ ಒಂದು ಮುಖದ ಚಿತ್ರ. ಎರಡು ದಿನಗಳ ಮೇಲೆ ಸಿಬ್ಬಂದಿ ವಿಭಾಗದಿಂದ ಒಂದು ನಮೂನೆ ಬಂತು. ಟೀ ಷರ್ಟಿನ ಅಳತೆ, ಸಸ್ಯಾಹಾರವೋ ಮಾಂಸಾಹಾರವೋ, ಈಜು ಬರುತ್ತದೆಯೋ ಇಲ್ಲವೋ, ನಾಲ್ಕನೆಯದಾಗಿ ‘ಪಾನೀಯ: ಹೌದು, ಇಲ್ಲ’ ಎಂದು ಅದರಲ್ಲಿ ಮನೆಗಳಿದ್ದವು. ತುಂಬಿದ ನಮೂನೆ ತಂಡದ ಎಲ್ಲರಿಗೂ ಕಾಣುವಂಥದು. ನಾಲ್ಕನೆಯ ಮನೆಯಲ್ಲಿ ‘ಇಲ್ಲ’ ಎಂದು ಬರೆದವರು ಮೂವರು. ಉಳಿದ ಒಂಬತ್ತು ಜನ ‘ಹೌದು’. ಆ ದಿನವೇ ಊಟದ ಮನೆಯಲ್ಲಿ, ‘ಏನಪ್ಪಾ, ಸ್ವಾಮಿಗಳು ಬರ್ತಾರಂತೆ ನಮ್ಮ ಜೊತೆ’ ಎಂದು ಒಬ್ಬರು ನಕ್ಕರು. ಕೆಟ್ಟ ಮಾತೇನಲ್ಲ. ಆದರೆ ಊರು ಬಿಡುವ ಮೊದಲೇ ಇವನಿಗೆ ಒಂದು ಪಾತ್ರ ಗೊತ್ತಾಗಿಹೋಯಿತು.

ಶುಕ್ರವಾರ ಅಕ್ಟೋಬರ್ 27ರ ರಾತ್ರಿ ಹತ್ತಕ್ಕೆ ಬಸ್ಸು ಹೊರಟಿತು. ಬೆಂಗಳೂರಿನಿಂದ ದಾಂಡೇಲಿಗೆ ಸುಮಾರು 460 ಕಿಲೋಮೀಟರು. ಬಸ್ಸಿನಲ್ಲಿ ಒಂದು ಗಂಟೆಯವರೆಗೆ ಹಾಡು, ಅಂತ್ಯಾಕ್ಷರಿ. ಕಣ್ಣು ಹತ್ತಿದ್ದವನಿಗೆ ಬೆಳಗಿನ ಜಾವ ಐದರ ಸುಮಾರಿಗೆ ಎಚ್ಚರವಾಯಿತು. ಬಸ್ಸು ಬಂಕಾಪುರದ ಕ್ರಾಸನ್ನು ದಾಟುತ್ತಿತ್ತು. ಊರಿಗೆ ಹೋಗುವಾಗ ಅವನು ಯಾವಾಗಲೂ ಇಳಿಯುವುದು ಅಲ್ಲಿ. ಅಲ್ಲಿಂದ ಮುಂಡಗೋಡಕ್ಕೆ ಇನ್ನೊಂದು ಬಸ್ಸು. ಕೈಯಲ್ಲಿ ಚೀಲ ಹಿಡಿದು ಒಂದು ಕ್ಷಣ ಎದ್ದೇ ನಿಂತಿದ್ದನಂತೆ. ‘ಏನೋ, ಬಾತ್‌ರೂಮಾ?’ ಎಂದು ಪಕ್ಕದವನು ಕೇಳಿದ. ಕುಳಿತುಕೊಂಡ.

ಆ ಶನಿವಾರ, ಅಕ್ಟೋಬರ್ 28, ಶೀಗಿ ಹುಣ್ಣಿಮೆ. ನಗರದ ವಾಚಕರಿಗಾಗಿ ಒಂದು ಮಾತು. ಆಶ್ವಯುಜದ ಹುಣ್ಣಿಮೆಯ ದಿನ ಉತ್ತರ ಕರ್ನಾಟಕದ ಒಕ್ಕಲು ಮಕ್ಕಳು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ತೆನೆ ಹೊತ್ತ ಪೈರನ್ನು ಬಸುರಿ ಹೆಣ್ಣೆಂದು ಭಾವಿಸಿ ಅವಳ ಬಯಕೆ ತೀರಿಸುವ ಹಬ್ಬ ಅದು. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಕಡುಬು, ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿಗಳಿಂದ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ‘ಚರಗ’ ಚೆಲ್ಲುತ್ತಾರೆ. ಮುಂದೆ ಒಬ್ಬ ಚರಗ ಚೆಲ್ಲುತ್ತ ಕೂಗುತ್ತಾನೆ. ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುತ್ತಾನೆ. ಈ ಹುಡುಗನ ಮನೆಯಲ್ಲಿ ಚರಗ ತಂದೆಯದು, ತಂಬಿಗೆ ಇವನದು. ಬುದ್ಧಿ ಬಂದಂದಿನಿಂದ ಹಾಗೆಯೇ. ಆ ವರ್ಷ ತಂಬಿಗೆಯನ್ನು ನೆರೆಮನೆಯ ಹನ್ನೊಂದು ವರ್ಷದ ಪೋರ ಹಿಡಿದ. ಗದ್ದೆಯಿಂದಲೇ ತಾಯಿ ಫೋನು ಮಾಡಿ, ‘ಎಲ್ಲಿದ್ದೀಯೋ ತಮ್ಮಾ?’ ಎಂದಾಗ ಇವನು ದಾಂಡೇಲಿಯೆಂದು ಹೇಳಲಾರದೆ ‘ಆಫೀಸಿನ್ಯಾಗ ಅದೀನಿ ಯವ್ವಾ’ ಎಂದ. ಸುಳ್ಳೆಂದು ಹೇಳುವುದೂ ಕಷ್ಟವೇ. ಮೂರು ತಾಸಿನ ದಾರಿಯಲ್ಲಿ ತನ್ನ ಹೊಲವಿರುವಾಗ ಅವನು ಕಚೇರಿಯಲ್ಲೇ ಇದ್ದ. ಕಚೇರಿ ಮಾತ್ರ ಕಾಳೀ ನದಿಯ ದಂಡೆಗೆ ಬಂದಿತ್ತು.

ಹಗಲು ಆಟಗಳಲ್ಲಿ ಕಳೆಯಿತು. ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರನ್ನೊಬ್ಬರು ನಡೆಸುವುದು, ಹಗ್ಗ ಜಗ್ಗುವುದು. ಇವು ಅವನಿಗೆ ಬೇಸರವಾಗಲಿಲ್ಲ, ಖುಷಿಯೇ ಆಯಿತಂತೆ. ಇದನ್ನು ಹೇಳಬೇಕಾದದ್ದು ನ್ಯಾಯ. ತೊಡಕು ಆರಂಭವಾದದ್ದು ಸಂಜೆ.

ಕಂಪನಿಯ ನಿಯಮದಂತೆ ಬಸ್ಸು, ವಸತಿ, ಊಟಗಳ ವೆಚ್ಚ ಕಂಪನಿಯದು. ಮದ್ಯದ ಬಿಲ್ಲನ್ನು ಅದು ಕೊಡುವುದಿಲ್ಲ. ಅನೇಕ ಸಂಸ್ಥೆಗಳಲ್ಲಿ ಪದ್ಧತಿ ಹೀಗೆಯೇ ಇದೆ. ಆದ್ದರಿಂದ ಮದ್ಯಕ್ಕೆ ಪಟ್ಟಿ ಎತ್ತಬೇಕು. ‘ನೀನು ಈ ಕಡೆಯವನಲ್ಲವೇ, ಗೋವಾ ಪಕ್ಕದಲ್ಲೇ ಇದೆ, ಯಾರಿಗಾದರೂ ಹೇಳಿ ತರಿಸು’ ಎಂದು ಮೊದಲು ಇವನನ್ನೇ ಕೇಳಿದರು. ಗೋವೆಯ ಅಗ್ಗದ ಮದ್ಯವನ್ನು ಸುಂಕವಿಲ್ಲದೆ ಈಚೆಗೆ ತರುವುದು ಅಪರಾಧವೆಂದೂ, ಜೋಯಿಡಾ ತಾಲೂಕಿನ ಅನಮೋಡದಲ್ಲಿ ಅದಕ್ಕಾಗಿಯೇ ಅಬಕಾರಿ ನಾಕೆ ಇದೆಯೆಂದೂ ಈ ಕಡೆಯ ಶಾಲಾ ಹುಡುಗರಿಗೂ ಗೊತ್ತು. ಅದೊಂದನ್ನು ಅವನು ನಿರಾಕರಿಸಿದ. ಕಾನೂನಿನ ಹೆಸರು ಹೇಳಿ ನಿರಾಕರಿಸುವುದು ಸುಲಭವಾಯಿತೆಂದು ಅವನೇ ಹೇಳಿದ. ಮನಸ್ಸಿನ ಹೆಸರು ಹೇಳಿ ನಿರಾಕರಿಸುವುದೇ ಆಗದ ಕೆಲಸ. ಕಡೆಗೆ ದಾಂಡೇಲಿಯ ಅಂಗಡಿಯಿಂದಲೇ ಬಂತು, 18,000 ರೂಪಾಯಿಯ ಸಾಮಾನು. ಹನ್ನೆರಡು ಜನಕ್ಕೆ ಸಮನಾಗಿ ಹಂಚಿ ತಲೆಗೆ 1,500 ಎಂದು ಮೊಬೈಲಿಗೆ ಬೇಡಿಕೆ ಬಂತು. ಕುಡಿಯುವ ಒಂಬತ್ತೇ ಜನ ಹಂಚಿಕೊಂಡಿದ್ದರೆ ತಲೆಗೆ 2,000 ಆಗುತ್ತಿತ್ತು. ಅಂದರೆ ಕುಡಿಯದ ಮೂವರು ಕುಡಿಯುವ ಪ್ರತಿಯೊಬ್ಬನಿಗೂ 500 ರೂಪಾಯಿಯ ಉಡುಗೊರೆ ಕೊಟ್ಟರು. ಯಾರೂ ಮೋಸ ಮಾಡಲಿಲ್ಲ. ಯಾರೂ ಲೆಕ್ಕ ಹಾಕಲಿಲ್ಲ, ಅಷ್ಟೆ. ಹಾಕಿದವನು ಜಿಪುಣನಾಗುತ್ತಾನೆ.

ರಾತ್ರಿ ಬೆಂಕಿಯ ಸುತ್ತ ಕುರ್ಚಿಗಳು. ‘ಕುಡಿಯಬೇಡ ಬಿಡೋ, ಸುಮ್ಮನೆ ಕಂಪನಿ ಕೊಡು’ ಎಂದರು. ಕನ್ನಡಕ್ಕೆ ಬಂದು ಈ ‘ಕಂಪನಿ’ ಎಂಬ ಮಾತು ಎರಡು ಕಡೆಗೂ ಸಲ್ಲುವಂತಾಗಿದೆ: ಸಂಬಳ ಕೊಡುವುದೂ ಕಂಪನಿ, ಕುಡಿಯುವವನ ಪಕ್ಕದಲ್ಲಿ ಕೂಡುವುದೂ ಕಂಪನಿ. ಒಂಬತ್ತು ಗಂಟೆಗೆ ಅವನ ಕೈಗೆ ಕಿತ್ತಳೆ ರಸದ ಲೋಟ ಬಂತು. ಹತ್ತು ಗಂಟೆಗೆ ‘ಒಂದೇ ಒಂದು ಹನಿ, ನಿನ್ನ ಮ್ಯಾನೇಜರ್ ಮರ್ಯಾದೆಗೆ’ ಎಂದಾಯಿತು. ಅವನು ಲೋಟವನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡು ಕುಳಿತ. ಲೋಟ ಕೆಳಗಿಟ್ಟರೆ ಯಾರಾದರೂ ತುಂಬುತ್ತಾರೆಂಬ ಭಯ. ಹಿಂದಿನ ವರ್ಷ ಇನ್ನೊಂದು ತಂಡದಲ್ಲಿ ಹಾಗೆ ಆಗಿತ್ತಂತೆ. ತಂಪು ಪಾನೀಯದಲ್ಲಿ ಬೆರೆಸಿ ಒಬ್ಬ ಹೆಣ್ಣುಮಗಳಿಗೆ ಕುಡಿಸಿ ನಕ್ಕಿದ್ದರು. ಆಕೆ ದೂರು ಕೊಡಲಿಲ್ಲ. ‘ಔಟಿಂಗಿನಲ್ಲಿ ನಡೆದದ್ದು, ಆಫೀಸಿನದಲ್ಲ’ ಎಂದು ಯಾರೋ ಅವಳಿಗೆ ಬುದ್ಧಿ ಹೇಳಿದರು. ಆ ಬುದ್ಧಿ ತಪ್ಪೆಂಬುದನ್ನು ಮುಂದೆ ಹೇಳುತ್ತೇನೆ.

ಹನ್ನೊಂದರ ಮೇಲೆ ಇನ್ನೊಂದು ಘಟ್ಟ. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಮಾತು ಸಡಿಲವಾಗಿ ಕೆಲಸದ ಕಡೆ ತಿರುಗಿತು. ಜನವರಿಯಲ್ಲಿ ಹೊಸ ಯೋಜನೆ ಬರಲಿದೆ. ಅದನ್ನು ಯಾರು ನೋಡಿಕೊಳ್ಳಬೇಕು, ಯಾರನ್ನು ಹೊರದೇಶದ ಗಿರಾಕಿಯ ಬಳಿ ಕಳಿಸಬೇಕು, ಯಾರ ಕೆಲಸ ಮೇಲಿನವರಿಗೆ ಮೆಚ್ಚಿಗೆಯಾಗಿಲ್ಲ. ಇವೆಲ್ಲ ಕಚೇರಿಯ ಗಾಜಿನ ಕೋಣೆಯಲ್ಲಿ ಎಂದೂ ಬಾರದ ಮಾತುಗಳು. ಕುಡಿಯದ ಮೂವರಲ್ಲಿ ಇಬ್ಬರು ಹತ್ತಕ್ಕೇ ಮಲಗಲು ಹೋಗಿದ್ದರು. ಅವರು ತಪ್ಪಿಸಿಕೊಂಡದ್ದು ಕುಡಿತವನ್ನಲ್ಲ, ಸುದ್ದಿಯನ್ನು. ಕುಡಿಯಬೇಕೆಂದು ಯಾರೂ ಕಡ್ಡಾಯ ಮಾಡಬೇಕಾಗಿಲ್ಲ. ನಿರ್ಣಯಗಳು ಬೆಂಕಿಯ ಬಳಿ ಆಗುತ್ತವೆಂದು ಒಮ್ಮೆ ಗೊತ್ತಾದರೆ ಜನ ತಾವಾಗಿ ಕುಳಿತುಕೊಳ್ಳುತ್ತಾರೆ. ಇವನು ಒಂದು ಗಂಟೆಯ ತನಕ ಕುಳಿತ. ಆ ರಾತ್ರಿ ಖಂಡಗ್ರಾಸ ಚಂದ್ರಗ್ರಹಣವಿತ್ತು. ಒಂದು ಗಂಟೆ ದಾಟಿ ಐದು ನಿಮಿಷಕ್ಕೆ ನೆರಳು ತಾಗಿತು. ಹನ್ನೆರಡು ಜನರಲ್ಲಿ ತಲೆಯೆತ್ತಿ ನೋಡಿದವನು ಇವನೊಬ್ಬನೇ. ಗ್ರಹಣ ಬಿಡುವವರೆಗೆ ತಾಯಿ ನೀರೂ ಮುಟ್ಟುವುದಿಲ್ಲವೆಂದು ನೆನಪಾಯಿತಂತೆ.

ಮರುದಿನ ಬೆಳಿಗ್ಗೆ ಗಣೇಶಗುಡಿಯಲ್ಲಿ ಹೊಳೆಯ ಮೇಲೆ ರಬ್ಬರು ದೋಣಿಯ ಸವಾರಿ. ಅಲ್ಲಿಯ ನೀರು ಮಳೆಯದಲ್ಲ. ಮೇಲೆ ಸೂಪಾ ಅಣೆಕಟ್ಟಿದೆ. ಅದರ ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ಬಿಟ್ಟ ನೀರಿನಿಂದ ಹೊಳೆ ಏರುತ್ತದೆ, ನಿಂತರೆ ಬಂಡೆಗಳು ಕಾಣುತ್ತವೆ. ಆದ್ದರಿಂದ ದೋಣಿ ಇಳಿಯುವ ಹೊತ್ತನ್ನು ಪ್ರವಾಸಿಗಳು ನಿಶ್ಚಯಿಸಲಾರರು. (ಹಳೆಯ ಸೂಪಾ ಊರು ಆ ಜಲಾಶಯದಡಿಯಲ್ಲಿದೆ. ಅಲ್ಲಿಯ ಜನರೂ ಊರಿಗೆ ಊರೇ ಹೊರಟವರು. ಅವರದನ್ನು ಯಾರೂ ಔಟಿಂಗ್ ಎನ್ನಲಿಲ್ಲ.) ದಂಡೆಯಲ್ಲಿ ಪ್ರತಿಯೊಬ್ಬನಿಂದಲೂ ಒಂದು ಕಾಗದಕ್ಕೆ ಸಹಿ ಪಡೆದರು: ನಾನು ಸ್ವಂತ ಇಚ್ಛೆಯಿಂದ, ಅಪಾಯಗಳನ್ನು ತಿಳಿದು, ಭಾಗವಹಿಸುತ್ತಿದ್ದೇನೆ. ಮಾರ್ಗದರ್ಶಿ ಹುಡುಗ ಒಬ್ಬೊಬ್ಬರ ಹತ್ತಿರವೂ ಬಂದು ಜಾಕೆಟ್ಟಿನ ಪಟ್ಟಿ ಬಿಗಿಯುವ ನೆಪದಲ್ಲಿ ಉಸಿರಿನ ವಾಸನೆ ನೋಡಿದ; ಇಬ್ಬರನ್ನು ದೋಣಿಗೆ ಹತ್ತಿಸಲಿಲ್ಲ. ಅವನು ಜೋಯಿಡಾ ಕಡೆಯವನು, ವಯಸ್ಸು ಇಪ್ಪತ್ತೆರಡಿರಬಹುದು. ಆ ಎರಡು ದಿನಗಳಲ್ಲಿ ಭಿಡೆಯಿಲ್ಲದೆ ‘ಬ್ಯಾಡ’ ಎಂದು ಹೇಳಿದವನು ಅವನೊಬ್ಬನೇ ಎಂದು ನನ್ನ ವಿದ್ಯಾರ್ಥಿಯ ಅಭಿಪ್ರಾಯ.

ಭಾನುವಾರ ರಾತ್ರಿ ಹನ್ನೊಂದಕ್ಕೆ ಬೆಂಗಳೂರು. ಒಟ್ಟು ನಲವತ್ತೊಂಬತ್ತು ತಾಸು. ಸೋಮವಾರ ಒಂಬತ್ತಕ್ಕೆ ಕೆಲಸ.

ಇದನ್ನು ಕೇಳಿದ ಒಬ್ಬ ಹಿರಿಯ ಮಿತ್ರರು, ‘ಹೊಸತೇನಿದೆ? ನಮ್ಮ ಊರ ಹಬ್ಬಗಳಲ್ಲಿ ಕಡ್ಡಾಯವಿರಲಿಲ್ಲವೇ?’ ಎಂದರು. ಇತ್ತು, ನಿಜ. ಗ್ರಾಮಜೀವನವನ್ನು ಹೊಗಳಿ ನಗರವನ್ನು ಬೈಯುವುದು ಇಂಥ ಲೇಖನಗಳ ಹಳೆಯ ಚಾಳಿ. ಅದರಲ್ಲಿ ನನಗೆ ನಂಬಿಕೆಯಿಲ್ಲ. ನಮ್ಮ ಕಡೆ ಹಲವು ಊರುಗಳಲ್ಲಿ ದೇವಿಯ ಜಾತ್ರೆಗೆ ಮುನ್ನ ‘ಹೊರಬೀಡು’ ಎಂಬ ಆಚರಣೆಯುಂಟು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಗೂ ಮುಂಚೆ ಹೊರಬೀಡುಗಳಾಗುತ್ತವೆ. ಕೆಲವು ಹಳ್ಳಿಗಳಲ್ಲಂತೂ ಆ ದಿನ ಊರಿಗೂರೇ ಮನೆಗಳಿಗೆ ಬೀಗ ಹಾಕಿ, ಒಲೆ ಹೊತ್ತಿಸದೆ, ದನಕರುಗಳೊಡನೆ ಊರ ಹೊರಗೆ ಹೋಗಿ ಅಲ್ಲಿಯೇ ಅಡುಗೆ ಮಾಡಿ ಉಂಡು ಸಂಜೆಗೆ ಮರಳಬೇಕು. ಕಡ್ಡಾಯ ಹೊರಸಂಚಾರಕ್ಕೆ ಇದಕ್ಕಿಂತ ಪೂರ್ಣವಾದ ಉದಾಹರಣೆ ಸಿಕ್ಕದು. ನಾನು ಚಿಕ್ಕವನಿದ್ದಾಗ ಒಬ್ಬ ಮಾಸ್ತರರು ‘ನನಗೆ ನಂಬಿಕೆಯಿಲ್ಲ’ ಎಂದು ಮನೆಯಲ್ಲೇ ಉಳಿದರು. ಪಂಚರು ಅವರಿಗೆ ಐದು ತೆಂಗಿನಕಾಯಿಗಳ ದಂಡ ಹಾಕಿದರು. ಅವರು ಕೊಟ್ಟರು, ಅಲ್ಲಿಗೆ ಮುಗಿಯಿತು. ಇನ್ನೂ ಕಠಿನವಾದ ಸಂಗತಿಗಳೂ ಇದ್ದವು. ಜಾತ್ರೆಯ ಪಟ್ಟಿ ಕೊಡದ ಬಡವನ ಮನೆಯ ಮದುವೆಗೆ ಯಾರೂ ಹೋಗದಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೋಳಿಯ ದಿನ ಬಣ್ಣ ಬೇಡವೆಂದವನನ್ನು ಎತ್ತಿ ಕೆಸರಿಗೆ ಹಾಕುತ್ತಿದ್ದರು.

ಆದರೂ ಒಂದು ವ್ಯತ್ಯಾಸವಿದೆ. ಹೊರಬೀಡಿಗೆ ಹೋದವನು ಸಂತೋಷವಾಗಿರಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಮರದ ಕೆಳಗೆ ಮುಖ ಗಂಟಿಕ್ಕಿ ಕುಳಿತಿದ್ದರೂ ದೇವಿಯ ಲೆಕ್ಕದಲ್ಲಿ ಅವನು ಬಂದಂತೆಯೇ. ಊರು ಕೇಳುತ್ತಿದ್ದದ್ದು ದೇಹದ ಹಾಜರಿ. ಕಚೇರಿ ಕೇಳುವುದು ಮುಖದ ಹಾಜರಿ. ನಕ್ಕಿರಬೇಕು, ಕುಣಿದಿರಬೇಕು, ಚಿತ್ರದಲ್ಲಿ ಹಲ್ಲು ಕಾಣಬೇಕು. ಕಚೇರಿಯ ಹಬ್ಬಗಳೂ ಹೀಗೆಯೇ ಆಗಿವೆ. ಆಯುಧ ಪೂಜೆಗೆ ಮೊದಲು ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದರೆ ಮುಗಿಯುತ್ತಿತ್ತು. ಬೇಡದವನು ಹಿಂದೆ ನಿಂತು ಮಂಡಕ್ಕಿ ತಿಂದು ಹೋಗುತ್ತಿದ್ದ. ಈಗ ಎಲ್ಲರೂ ‘ಸಾಂಪ್ರದಾಯಿಕ ಉಡುಪು’ ತೊಟ್ಟು ಬರಬೇಕು, ಯಾವ ವಿಭಾಗದವರು ಚೆನ್ನಾಗಿ ಅಲಂಕರಿಸಿದರೆಂದು ಸ್ಪರ್ಧೆ, ಬಾರದವರ ಹೆಸರು ವಿಭಾಗದ ಅಂಕದಿಂದ ಕಳೆಯುತ್ತದೆ. ಇನ್ನೊಂದು ಮತದವನಿಗೆ ಆ ಕುಂಕುಮ ಬೇಡವಾಗಿರಬಹುದು. ಸೂತಕದಲ್ಲಿರುವವನಿಗೆ ಆ ರೇಷ್ಮೆ ಬೇಡವಾಗಿರಬಹುದು. ಅವನು ಕಾರಣ ಹೇಳಬೇಕಾಗುತ್ತದೆ. ಹೇಳಿಕೊಳ್ಳಲಾರದ ಕಾರಣಗಳೇ ಹೆಚ್ಚೆಂಬುದನ್ನು ಕೇಳುವವರು ಬಲ್ಲರೆ?

ಈ ಮುಖದ ಹಾಜರಿಯ ಪ್ರಶ್ನೆ ಪ್ಯಾರಿಸ್ಸಿನಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿಯ ಒಂದು ಸಲಹಾ ಸಂಸ್ಥೆ ‘ವಿನೋದ’ವನ್ನೂ ತನ್ನ ಮೌಲ್ಯಗಳಲ್ಲೊಂದೆಂದು ಸಾರಿತ್ತು. ವಾರಾಂತ್ಯದ ಪಾನಗೋಷ್ಠಿಗಳಿಗೂ ಅಲ್ಲಿಯ ಕುಚೇಷ್ಟೆಗಳಿಗೂ ಸೇರದ ನೌಕರನೊಬ್ಬನನ್ನು 2015ರಲ್ಲಿ ತೆಗೆದುಹಾಕಿತು. 2022ರ ನವೆಂಬರಿನಲ್ಲಿ ನ್ಯಾಯಾಲಯವು ಅವನ ಪಕ್ಷ ಹಿಡಿದು, ಅಂಥ ವಿನೋದದಲ್ಲಿ ಸೇರದಿರುವುದು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆಂದು ಹೇಳಿತು. ಸುಮ್ಮನಿರುವುದೂ ಒಂದು ಅಭಿವ್ಯಕ್ತಿ ಎಂಬ ಈ ಮಾತು ಸಾಹಿತ್ಯದ ವಿದ್ಯಾರ್ಥಿಗಳು ಮೆಲುಕು ಹಾಕತಕ್ಕದ್ದು. ಜಪಾನಿನಲ್ಲಿ ಕೆಲಸದ ಬಳಿಕದ ಕುಡಿತಕ್ಕೆ ‘ನೋಮಿಕೈ’ ಎಂದೂ, ಕೊರಿಯದಲ್ಲಿ ಕಚೇರಿಯ ಔತಣಕ್ಕೆ ‘ಹ್ವೇಸಿಕ್’ ಎಂದೂ ಬೇರೆ ಹೆಸರುಗಳೇ ಇವೆ. ಅಂದರೆ ಅಲ್ಲಿ ಅದು ಸಂಸ್ಥೆಯೇ ಆಗಿಹೋಗಿದೆ. ನಮ್ಮಲ್ಲಿ ಇನ್ನೂ ಅರ್ಧ ಹಬ್ಬ, ಅರ್ಧ ಹುಕುಂ.

ನಮ್ಮ ದೇಶದ ಕಾನೂನು ಏನೆನ್ನುತ್ತದೆ? ಮೊದಲನೆಯದಾಗಿ, ಆ ಹೆಣ್ಣುಮಗಳಿಗೆ ಹೇಳಿದ ಬುದ್ಧಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ‘ಕೆಲಸದ ಸ್ಥಳ’ ಎಂಬುದಕ್ಕೆ ವಿಶಾಲವಾದ ಅರ್ಥ ಕೊಟ್ಟಿದೆ. ಉದ್ಯೋಗದ ನಿಮಿತ್ತ ಹೋದ ಯಾವ ಸ್ಥಳವೂ, ಧಣಿ ಒದಗಿಸಿದ ವಾಹನವೂ ಅದರಲ್ಲಿ ಸೇರುತ್ತವೆ. ಆದುದರಿಂದ ಕಾಳೀ ದಂಡೆಯ ವಸತಿಗೃಹವೂ, ಅಂತ್ಯಾಕ್ಷರಿ ನಡೆದ ಬಸ್ಸೂ ಈ ಅರ್ಥದಲ್ಲಿ ಕಚೇರಿಯೇ. ಅಲ್ಲಿ ಕಿರುಕುಳ ನಡೆದರೆ ಕಚೇರಿಯ ಸಮಿತಿಯೇ ವಿಚಾರಿಸಬೇಕು. ‘ಹೊರಗೆ ನಡೆದದ್ದು’ ಎಂದು ಕೈ ತೊಳೆಯುವಂತಿಲ್ಲ.

ಎರಡನೆಯದು ಗಾಯದ ಪ್ರಶ್ನೆ. 1923ರ ಪರಿಹಾರ ಕಾಯಿದೆಯಿಂದ ಬಂದ ಒಂದು ಸೂತ್ರವಿದೆ: ಗಾಯವು ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಆಗಿರಬೇಕು. ಕುಡಿದ ಅಮಲೇ ನೇರ ಕಾರಣವಾದ ಗಾಯಕ್ಕೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಹೊರತು, ಧಣಿ ಹೊಣೆಯಲ್ಲವೆಂಬ ಹೊರಗುಳಿಕೆಯೂ ಅದರ ಜೊತೆಗಿದೆ. ಈಗ ಆ ಬೆಳಗಿನ ಹೊಳೆಯ ದಂಡೆಯನ್ನು ನೆನೆಯಿರಿ. ವಾಟ್ಸಾಪಿನಲ್ಲಿ ‘ಬರಲೇಬೇಕು’ ಎಂದಿತ್ತು. ಸಹಿ ಹಾಕಿದ ಕಾಗದದಲ್ಲಿ ‘ಸ್ವಂತ ಇಚ್ಛೆಯಿಂದ’ ಎಂದಿದೆ. ರಾತ್ರಿ ‘ಮರ್ಯಾದೆಗೆ ಒಂದು ಹನಿ’ ಎಂದಿತ್ತು, ಬಿಲ್ಲಿನಲ್ಲಿ ಮದ್ಯವಿಲ್ಲ. ಬಾಯಿಮಾತಿನಲ್ಲಿ ಎಲ್ಲವೂ ಕಡ್ಡಾಯ, ಕಾಗದದಲ್ಲಿ ಎಲ್ಲವೂ ಐಚ್ಛಿಕ. ನಾಳೆ ದೋಣಿ ಮಗುಚಿದರೆ ಮಾತನಾಡುವುದು ಕಾಗದ. ಭಿಡೆ ಎಂಬುದು ಬಾಯಿಮಾತಿನ ಸರಕು. ಅದರ ಬಲವೆಲ್ಲ ಬರೆಹಕ್ಕೆ ಇಳಿಯದೆ ಇರುವುದರಲ್ಲಿದೆ. ಇದನ್ನು ನಾನು ವಿದ್ಯಾರ್ಥಿಗೆ ಹೇಳಿದೆ. ‘ಹಂಗಾದ್ರ ಬರೆಹಕ್ಕೆ ಇಳಿಸಿಬಿಡಬೇಕರಿ’ ಎಂದು ಅವನೇ ಮುಂದಿನ ಮಾತು ಹೇಳಿದ.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಿಬಿಡಬೇಕು. ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ಬಿ.ಎ. ವಿದ್ಯಾರ್ಥಿಗಳನ್ನು ಬನವಾಸಿ, ಹಾನಗಲ್ಲುಗಳಿಗೆ ಶೈಕ್ಷಣಿಕ ಪ್ರವಾಸ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ನಲವತ್ತು ಜನ ಸೇರದಿದ್ದರೆ ಬಸ್ಸಿನ ಬಾಡಿಗೆ ಗಿಟ್ಟುವುದಿಲ್ಲ. ಮೂವತ್ತೊಂದೇ ಹೆಸರು ಬಂದಾಗ ತರಗತಿಯಲ್ಲಿ ನಾನು, ‘ಆಂತರಿಕ ಅಂಕ ಕೊಡುವಾಗ ಆಸಕ್ತಿಯನ್ನೂ ನೋಡಬೇಕಾಗುತ್ತದೆ’ ಎಂದೆ. ಅಷ್ಟೇ ಮಾತು. ಮರುದಿನ ನಲವತ್ತಮೂರು ಹೆಸರು. ಮಧುಕೇಶ್ವರನ ಗುಡಿಯ ಪ್ರಾಕಾರದಲ್ಲಿ ಒಬ್ಬ ಹುಡುಗಿ ಊಟಕ್ಕೆ ಕೂಡದೆ ದೂರ ನಿಂತಿದ್ದಳು. ಕೇಳಿದಾಗ, ಪ್ರವಾಸದ ಹಣಕ್ಕಾಗಿ ಅವಳ ತಾಯಿ ಕಾಲುಂಗುರ ಅಡವಿಟ್ಟದ್ದು ತಿಳಿಯಿತು. ‘ಬರದಿದ್ರ ನಿಮಗ ಬ್ಯಾಸರ ಆಗ್ತದಂತ ಬಂದೆರಿ ಸರ್’ ಎಂದಳು. ಹಣವನ್ನು ಹಿಂದೆ ಕೊಟ್ಟೆ. ಆ ‘ಆಸಕ್ತಿ’ ಎಂಬ ಶಬ್ದವನ್ನು ಹಿಂದೆ ತೆಗೆದುಕೊಳ್ಳಲು ಮಾತ್ರ ಆಗಲಿಲ್ಲ. ನಾನು ಒತ್ತಾಯಿಸಿರಲಿಲ್ಲ ಎಂದೇ ಅಲ್ಲಿಯವರೆಗೂ ನಂಬಿದ್ದೆ. ತಂಡದ ಮುಖ್ಯಸ್ಥರೂ ಹಾಗೆಯೇ ನಂಬಿರುತ್ತಾರೆ. ಅವರ ಮೇಲೂ ಒಬ್ಬರಿದ್ದು, ತಂಡದಲ್ಲಿ ಎಷ್ಟು ಜನ ಬಂದರೆಂದು ಅವರನ್ನೂ ಕೇಳುತ್ತಾರೆ.

2024ರಲ್ಲಿ ಶೀಗಿ ಹುಣ್ಣಿಮೆ ಅಕ್ಟೋಬರ್ 17, ಗುರುವಾರ. ಆ ವಾರದ ಶನಿವಾರ, ಭಾನುವಾರ ಚಿಕ್ಕಮಗಳೂರಿನ ಕಡೆ ಔಟಿಂಗ್ ಗೊತ್ತಾಯಿತು. ಗುರುವಾರ, ಶುಕ್ರವಾರ ರಜೆ ಕೇಳಿದರೆ ಶನಿವಾರವನ್ನು ತಪ್ಪಿಸುವ ಹಂಚಿಕೆಯೆಂದು ತಿಳಿಯುತ್ತಾರೆ. ಹಬ್ಬ ಮುಗಿಸಿ ಶುಕ್ರವಾರವೇ ಮರಳಿದರೆ ಗದ್ದೆಯಲ್ಲಿ ಉಂಡ ಅನ್ನ ಅರಗುವ ಮೊದಲೇ ಮತ್ತೆ ಬಸ್ಸು. ನಾಲ್ಕು ವಾರ ಮುಂಚಿತವಾಗಿ ಅವನು ಸಿಬ್ಬಂದಿ ವಿಭಾಗಕ್ಕೆ ಮಿಂಚಂಚೆ ಬರೆದ. ಅದರ ಕರಡನ್ನು ನನಗೆ ಓದಿ ತೋರಿಸಿದ್ದ. ಮೊದಲ ಕರಡಿನಲ್ಲಿ ಹಬ್ಬದ ಮಹತ್ವ, ತಂದೆಯ ವಯಸ್ಸು, ತನ್ನ ನಿಷ್ಠೆ ಎಂದು ಹನ್ನೆರಡು ಸಾಲುಗಳಿದ್ದವು. ಕಾರಣಗಳೆಲ್ಲವನ್ನೂ ಹೊಡೆದುಹಾಕಲು ಹೇಳಿದೆ. ಕಾರಣ ಕೊಟ್ಟರೆ ಎದುರಿನವರು ಅದನ್ನು ತೂಗಿ ನೋಡುತ್ತಾರೆ, ಸಾಲದೆನ್ನುತ್ತಾರೆ. ಉಳಿದದ್ದು ಒಂದು ಪ್ರಶ್ನೆ ಮತ್ತು ಒಂದು ವಾಕ್ಯ: ಅಕ್ಟೋಬರ್ 19, 20ರ ಕಾರ್ಯಕ್ರಮ ಕೆಲಸದ ದಿನಗಳೆಂದು ಪರಿಗಣಿತವೇ, ಹಾಗಿದ್ದರೆ ಬದಲಿ ರಜೆ ಯಾವಾಗ? ಅಲ್ಲವಾದರೆ ನಾನು ಆ ದಿನ ಊರಿನಲ್ಲಿರುತ್ತೇನೆ.

ಉತ್ತರ ಮರುದಿನವೇ ಬಂತು. ಭಾಗವಹಿಸುವುದು ಸಂಪೂರ್ಣ ಐಚ್ಛಿಕ, ಹಬ್ಬದ ಶುಭಾಶಯಗಳು. ಮುಖ್ಯಸ್ಥರು ಮಾತ್ರ ಎದುರು ಸಿಕ್ಕಾಗ, ‘ನನ್ನನ್ನೇ ಕೇಳಬಹುದಿತ್ತಲ್ಲಪ್ಪಾ, ಬರೆಯೋದೇನಿತ್ತು?’ ಎಂದರಂತೆ. ಅವರ ಮುಖ ಸಣ್ಣದಾಗಿದ್ದುದನ್ನು ಕಂಡು ಇವನಿಗೆ ಕೆಡುಕೆನಿಸಿತು. ಮುಂದಿನ ತಿಂಗಳು ಒಂದು ಹೊಸ ಕೆಲಸದ ಮುಂದಾಳತ್ವ ಬೇರೊಬ್ಬನಿಗೆ ಹೋಯಿತು. ಅದು ಚಿಕ್ಕಮಗಳೂರಿನ ಬೆಂಕಿಯ ಬಳಿ ಗೊತ್ತಾದದ್ದೋ, ಅರ್ಹತೆಯಿಂದ ಗೊತ್ತಾದದ್ದೋ, ಅವನಿಗೆ ತಿಳಿದಿಲ್ಲ. ಕೇಳಲಿಕ್ಕೆ ಮತ್ತೆ ಅದೇ ಭಿಡೆ.

ಆ ಗುರುವಾರ ನಾನೂ ಚಿಗಳ್ಳಿಯಲ್ಲಿದ್ದೆ. ನಿಜ ಹೇಳಬೇಕೆಂದರೆ ಹೋಗುವ ಮನಸ್ಸಿರಲಿಲ್ಲ. ಮೌಲ್ಯಮಾಪನ ಮಾಡಬೇಕಾದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಆದರೆ ಅವನ ತಾಯಿ ಫೋನಿನಲ್ಲಿ, ‘ಸರ್, ನೀವು ಬರಲಿಲ್ಲಂದ್ರ ನಡ್ಯೂದಿಲ್ಲ ನೋಡ್ರಿ’ ಎಂದರು. ನಾನು ‘ಹೂಂ ತಾಯಿ’ ಎಂದೆ. ಗದ್ದೆಯ ಬದುವಿನಲ್ಲಿ ಐದು ಕಲ್ಲುಗಳ ಪೂಜೆಯಾಯಿತು. ತಂದೆ ಚರಗದ ಬುಟ್ಟಿ ಎತ್ತಿಕೊಂಡರು. ಮಗ ತಂಬಿಗೆಗೆ ಕೈ ಚಾಚಿದ. ಆದರೆ ಹಿಂದಿನ ವರ್ಷ ಅದನ್ನು ಹಿಡಿದಿದ್ದ ನೆರೆಮನ ಪೋರ ಬೆಳಗಿನಿಂದಲೇ ಬಂದು ಕಾದಿದ್ದ; ತಂಬಿಗೆಯನ್ನು ಎದೆಗೆ ಅವಚಿಕೊಂಡು, ‘ನಾ ಕೊಡೂದಿಲ್ಲಪ್ಪ’ ಎಂದ. ಎಲ್ಲರೂ ನಕ್ಕರು. ತಂದೆ ಮುಂದೆ, ಪೋರ ಅವರ ಹಿಂದೆ, ಬರಿಗೈಯಲ್ಲಿ ಇವನು ಮೂರನೆಯವನಾಗಿ, ಮೊಣಕಾಲುದ್ದದ ಪೈರಿನ ಅಂಚಿನಲ್ಲಿ ಕೂಗುತ್ತ ಹೋದರು. ನಾನು ಮರದ ನೆರಳಿನಲ್ಲಿ ಕುಳಿತು ಕಡುಬು ತಿನ್ನುತ್ತ ಉತ್ತರಪತ್ರಿಕೆಗಳ ಬಗ್ಗೆ ಯೋಚಿಸುತ್ತಿದ್ದೆ.